ಏನ್ರೀ ಇದು?

ನಮ್ಮ ಕಚೇರಿಯ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರಿನಲ್ಲಿ ಹಬ್ಬಹರಿದಿನಗಳಿಗೆ ಯಾರೂ ಗುರುತು ಹಾಕುವುದಿಲ್ಲ. ಅವಕ್ಕೆ ಅಚ್ಚಿನವನು ಬಳಿದ ಕೆಂಪು ಸಾಕು. ನಾವು ಪೆನ್ನು ಹಿಡಿದು ಸುತ್ತು ಹಾಕುವುದು 11ಕ್ಕೆ, 14ಕ್ಕೆ, 20ಕ್ಕೆ. ದಾವಣಗೆರೆಯ ಅಂಗಡಿಕಾರರ ಜಿಎಸ್‌ಟಿ ಲೆಕ್ಕ ಬರೆದು ಹೊಟ್ಟೆ ಹೊರೆಯುವವರು ನಾವು. ತಿಂಗಳು ಪೂರ್ತಿ ಒಬ್ಬರಿಗೊಬ್ಬರು ಚಹಾ ತರಿಸಿಕೊಟ್ಟು, ಮಗಳ ಪರೀಕ್ಷೆ, ಅಮ್ಮನ ಮಂಡಿನೋವು ಎಲ್ಲ ವಿಚಾರಿಸಿಕೊಂಡು ಸೌಹಾರ್ದದಿಂದಿರುತ್ತೇವೆ. 8ನೇ ತಾರೀಕು ಕಳೆಯಿತೆಂದರೆ ಎಲ್ಲರ ಮೂಗಿನ ತುದಿಯಲ್ಲೂ ಸಿಟ್ಟು ಬಂದು ಕೂತಿರುತ್ತದೆ. 12ಕ್ಕೆ ಮತ್ತೆ ಚಹಾ.

ಈ ತಾರೀಕುಗಳ ಕಥೆ ಸ್ವಲ್ಪ ಹೇಳಬೇಕು. ಗಾಬರಿಯಾಗಬೇಡಿ, ನಿಮ್ಮ ರಿಟರ್ನ್ ನಾನೇನೂ ಕೇಳುವುದಿಲ್ಲ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ಅಂಗಡಿಯವರು ಹಿಂದಿನ ತಿಂಗಳು ಯಾರಿಗೆ ಏನು ಮಾರಿದೆವು ಎಂಬುದನ್ನು ಜಿಎಸ್‌ಟಿಆರ್-1 ಎಂಬ ಪಟ್ಟಿಯಲ್ಲಿ 11ರೊಳಗೆ ಸರ್ಕಾರಕ್ಕೆ ತಿಳಿಸಬೇಕು. ಅದನ್ನು ಆಧರಿಸಿ 14ರಂದು, ಆ ಮಾಲು ಕೊಂಡವರ ಹೆಸರಿನಲ್ಲಿ 2ಬಿ ಎಂಬ ಇನ್ನೊಂದು ಪಟ್ಟಿ ತಾನಾಗಿ ತಯಾರಾಗುತ್ತದೆ. ಕೊಂಡವರು ತಾವು ಕೊಟ್ಟ ತೆರಿಗೆಯನ್ನು ಅದರಲ್ಲಿ ನೋಡಿ, 20ರಂದು ತಾವು ಕಟ್ಟಬೇಕಾದದ್ದರಲ್ಲಿ ಮುರಿದುಕೊಳ್ಳುತ್ತಾರೆ. ಒಂದು ಲಕ್ಷದ ಪೈಪು ಕೊಂಡ ಕಂಟ್ರಾಕ್ಟರು ಶೇಕಡಾ 18ರಂತೆ ಹದಿನೆಂಟು ಸಾವಿರ ತೆರಿಗೆ ಕೊಟ್ಟಿದ್ದಾನೆ ಎನ್ನಿ. ಪೈಪಿನಂಗಡಿಯ ಬಿಲ್ಲು 11ರೊಳಗೆ ಏರದಿದ್ದರೆ 14ರ ಪಟ್ಟಿಯಲ್ಲಿ ಆ ಹದಿನೆಂಟು ಸಾವಿರ ಕಾಣುವುದಿಲ್ಲ. ಅದು ಕಾಣಿಸುವುದು ಮುಂದಿನ ತಿಂಗಳು. ಈ ತಿಂಗಳು ಅಷ್ಟನ್ನೂ ಆತ ಕೈಯಿಂದ ಕಟ್ಟಬೇಕು. ಕಟ್ಟುತ್ತಾನೆ, ಕಟ್ಟಿದ ಮೇಲೆ ಅಂಗಡಿಗೆ ಫೋನ್ ಮಾಡುತ್ತಾನೆ. ಅಂಗಡಿಯವರು ನಮಗೆ ಮಾಡುತ್ತಾರೆ. ಆಮೇಲೆ ನಡೆಯುವ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ.

ನಾನು ಮೇಜಿನ ಮುಂದೆ ಕೂತು ಪಟ್ಟಿ ಏರಿಸುವವನು. ಪೇಟೆ ಸುತ್ತಿ ಬಿಲ್ಲು ತರುವವರು ಇನ್ನೊಬ್ಬರು. ಅವರ ಹೆಸರು ಹೇಳುವುದಿಲ್ಲ, ಪೇಟೆಯವರು ಎಂದು ಕರೆಯೋಣ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಸಂಬಳದಲ್ಲಿ ಸರಿಸಮಾನರು. ಈ ಜಾತಿಯ ಸಹೋದ್ಯೋಗಿಗೆ ತಡವಾಯಿತೆಂದು ಹೇಳುವುದು ಎಲ್ಲಕ್ಕಿಂತ ಕಷ್ಟ. ಯಜಮಾನರಾದರೆ ಗದರಬಹುದು, ಕಿರಿಯನಾದರೆ ‘ಏನಪ್ಪಾ’ ಎಂದು ಭುಜದ ಮೇಲೆ ಕೈಹಾಕಬಹುದು. ಇವರಿಗೆ ಎರಡೂ ನಡೆಯುವುದಿಲ್ಲ. ಮಂಡಿಪೇಟೆಯ ಒಂದು ಪೈಪಿನಂಗಡಿಯ ಬಿಲ್ಲುಗಳನ್ನು ಅವರು 7ಕ್ಕೆ ತಂದುಕೊಡಬೇಕೆಂದು ನಮ್ಮಿಬ್ಬರ ನಡುವೆ ಒಪ್ಪಂದ. 9ರ ರಾತ್ರಿ ಊಟ ಮುಗಿಸಿ ಕೂತಾಗಲೂ ಬಿಲ್ಲಿನ ಸುಳಿವಿಲ್ಲ. ಹುಳಿತೇಗಿನ ಜೊತೆಗೆ ಸಾಹಿತ್ಯವೂ ಉಕ್ಕಿಬಂತು. ಮೊಬೈಲಿನಲ್ಲಿ ಹೀಗೆ ಬರೆದೆ:

“ಏನ್ರೀ ಇದು? 7ಕ್ಕೆ ಕೊಡ್ತೀನಿ ಅಂದಿದ್ರಿ, ಇವತ್ತು 9. ಒಂದು ಬಿಲ್ಲೂ ಕಳಿಸಿಲ್ಲ. ಪ್ರತಿ ತಿಂಗಳೂ ಇದೇ ಗೋಳು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ, ನಾನೇ ಹೋಗಿ ತರ್ತೀನಿ. ನಾಳೆ ಏನಾದ್ರೂ ಆದ್ರೆ ನನ್ನನ್ನ ಕೇಳಬೇಡಿ!!!”

ಬರೆದು ಮುಗಿಸಿದಾಗ ಆದ ತೃಪ್ತಿ ಹೇಳತೀರದು. ಕಳಿಸುವ ಮೊದಲು ಹೆಂಡತಿಗೆ ಓದಿ ಹೇಳಿದೆ. ಒಳ್ಳೆಯ ಗದ್ಯ ಬರೆದಾಗ ಶ್ರೋತೃ ಬೇಕಾಗುತ್ತದೆ ನೋಡಿ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ, “ಯಾವ ಅಂಗಡಿ ಬಿಲ್ಲು?” ಎಂದಳು.

ಪೈಪಿನಂಗಡಿದು ಎಂದೆ.

“ಅದು ಇದರಲ್ಲಿ ಎಲ್ಲಿದೆ?”

ಇರಲಿಲ್ಲ. ಮತ್ತೊಮ್ಮೆ ಓದಿದೆ. ಯಾವ ಅಂಗಡಿ ಎಂದಿರಲಿಲ್ಲ, ಯಾವ ತಿಂಗಳೆಂದಿರಲಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಎಷ್ಟು ಹೊತ್ತಿಗೆ ಬೇಕೆಂದೇ ಇರಲಿಲ್ಲ. ಪೇಟೆಯವರ ಕೈಯಲ್ಲಿರುವುದು ಒಂದು ಅಂಗಡಿಯಲ್ಲ. ಚೌಕಿಪೇಟೆಯ ಬಟ್ಟೆಯಿಂದ ಹಿಡಿದು ಮಂಡಿಪೇಟೆಯ ಪೈಪಿನವರೆಗೆ ಅವರದೊಂದು ಸಾಮ್ರಾಜ್ಯವೇ ಇದೆ. ಈ ಮೆಸೇಜು ತಲುಪಿದ್ದರೆ ಅವರಿಗೆ ಒಂದೇ ಒಂದು ಸಂಗತಿ ಸ್ಪಷ್ಟವಾಗುತ್ತಿತ್ತು. ನನಗೆ ಸಿಟ್ಟು ಬಂದಿದೆ ಎಂಬುದು. ಅಷ್ಟು ಗೊತ್ತಾದ ಮೇಲೆ ಅವರು ಮಾಡಬೇಕಾದ ಕೆಲಸ ಯಾವುದು? ತಿರುಗಿ ಸಿಟ್ಟಾಗುವುದು. ಅದನ್ನವರು ತಾರೀಕಿಗೆ ಸರಿಯಾಗಿ ಮಾಡುತ್ತಿದ್ದರು.

ಒರಟು ಮೆಸೇಜು ಸ್ಪಷ್ಟವಾಗಿರುತ್ತದೆ, ಮೆತ್ತಗಿನದು ಮಸುಕಾಗಿರುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ಆ ರಾತ್ರಿ ಸಾಲು ಸಾಲಾಗಿ ನೋಡಿದರೆ ಲೆಕ್ಕ ತಿರುವುಮುರುವಾಗಿತ್ತು. ‘ಏನ್ರೀ ಇದು’ ಎಂಬುದಕ್ಕೆ ಭೂಮಿಯ ಮೇಲೆ ಉತ್ತರವಿಲ್ಲ. ‘ಪ್ರತಿ ತಿಂಗಳೂ’ ಎನ್ನುವುದು ಇನ್ನೂ ಅಪಾಯದ ಮಾತು. ಅದನ್ನು ಓದಿದವರು ಬಿಲ್ಲು ಹುಡುಕುವುದಿಲ್ಲ, ಸರಿಯಾಗಿ ಕೊಟ್ಟ ಒಂದು ತಿಂಗಳನ್ನು ಹುಡುಕುತ್ತಾರೆ. ಮಾರ್ಚಿನಲ್ಲಿ 6ಕ್ಕೇ ಕೊಟ್ಟಿದ್ದೆನಲ್ಲ ಎಂದು ಹಳೇ ಮೆಸೇಜಿನ ಚಿತ್ರ ತೆಗೆದು ಕಳಿಸುತ್ತಾರೆ. ಮಾರ್ಚಿನ ಬಗ್ಗೆ ವಾದ ಮುಗಿಯುವಷ್ಟರಲ್ಲಿ 11 ಬಂದಿರುತ್ತದೆ. ‘ಆಗಲ್ಲ ಅಂದ್ರೆ ಹೇಳಿಬಿಡಿ’ ಎಂದರೆ ಅವರು ನಿಜವಾಗಿಯೂ ಹೇಳಿಬಿಡಬಹುದು. ಆಮೇಲೆ ಬಿಸಿಲಿನಲ್ಲಿ ಮಂಡಿಪೇಟೆ ಸುತ್ತಬೇಕಾದವನು ಯಾರು? ನನ್ನ ದೇಹಸ್ಥಿತಿಗೆ ಮೇಜೇ ಕ್ಷೇಮ. ಕೊನೆಯ ಸಾಲು ಯಜಮಾನರೆದುರು ತಪ್ಪಿಸಿಕೊಳ್ಳಲು ಈಗಲೇ ಬರೆದಿಟ್ಟ ಸಾಕ್ಷಿ, ಅದು ಓದಿದವರಿಗೂ ತಿಳಿಯುತ್ತದೆ. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿದದ್ದು ಎರಡೇ ಸಂಗತಿ: 7ಕ್ಕೆ ಬರಬೇಕಿತ್ತು, ಬಂದಿಲ್ಲ.

ಅಳಿಸಿದೆ. ಅಳಿಸಿದ ಕೈ ಸುಮ್ಮನಿರಲಿಲ್ಲ, ಸಜ್ಜನಿಕೆಯ ಕಡೆಗೆ ಧಾವಿಸಿತು. ಎರಡನೆಯ ಕರಡು ಹೀಗೆ ಮೂಡಿತು:

“ನಮಸ್ಕಾರ ಸಾರ್, ಊಟ ಆಯ್ತಾ? ಈ ಹೊತ್ತಲ್ಲಿ ತೊಂದರೆ ಕೊಡ್ತಾ ಇರೋದಕ್ಕೆ ಕ್ಷಮಿಸಿ. ನೀವು ಎಷ್ಟು ಓಡಾಟದಲ್ಲಿ ಇರ್ತೀರಿ ಅಂತ ನನಗೆ ಗೊತ್ತು. ಆ ಪೈಪಿನಂಗಡಿ ವಿಷಯ ಒಂಚೂರು ನೆನಪಿಸೋಣ ಅಂತ ಅಷ್ಟೇ. ಅರ್ಜೆಂಟೇನಿಲ್ಲ, ಬಿಡುವಾದಾಗ ನೋಡಿ.”

ಇದನ್ನೂ ಓದಿ ಹೇಳಿದೆ. “ಕೈಸಾಲ ಕೇಳ್ತಿದ್ದೀರಾ?” ಎಂದಳು.

ಮದುವೆ ಮನೆಯ ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಹಿಡಿದವನಿಗೆ ‘ಇದ್ರೆ ಹಾಕಿ’ ಎಂದು ಮೆಲ್ಲಗೆ ಹೇಳಿ ನೋಡಿ. ಅವನು ನಿಮ್ಮ ಎಲೆ ದಾಟಿ, ಆರು ಎಲೆ ಮುಂದೆ ‘ಇಲ್ಲಿ ಸಾರು’ ಎಂದವರ ಹತ್ತಿರ ನಿಂತಿರುತ್ತಾನೆ. ಅವನು ಕೆಟ್ಟವನಲ್ಲ, ನೀವು ಕೇಳಿದ್ದು ಸಾರೆಂದು ಅವನಿಗೆ ಗೊತ್ತಾಗಿರುವುದಿಲ್ಲ. ‘ಬಿಡುವಾದಾಗ ನೋಡಿ’ ಎಂದು ಬರೆದರೆ ಪೇಟೆಯವರು ಪ್ರಾಮಾಣಿಕವಾಗಿ ಬಿಡುವಾದಾಗಲೇ ನೋಡುತ್ತಾರೆ. ಆ ಬಿಡುವು 13ಕ್ಕೆ ಆಗುತ್ತದೆ. ‘ಅರ್ಜೆಂಟೇನಿಲ್ಲ’ ಎನ್ನುವುದಂತೂ ಶುದ್ಧ ಸುಳ್ಳು. ಇಂಥ ಮೆಸೇಜಿಗೆ ಬರುವ ಉತ್ತರವೂ ಒಂದೇ, ಕೈಮುಗಿದ ಚಿತ್ರ. ಅದರ ಅರ್ಥ ಇಂದಿಗೂ ನನಗೆ ಬಿಡಿಸಲಾಗಿಲ್ಲ. ಆಯಿತು ಎಂದೂ ಇರಬಹುದು, ಕ್ಷಮಿಸಿ ಎಂದೂ ಇರಬಹುದು, ನನ್ನನ್ನು ಬಿಟ್ಟುಬಿಡಿ ಮಾರಾಯರೇ ಎಂದೂ ಇರಬಹುದು.

ನಡುವೆ ಒಂದು ಅಡ್ಡದಾರಿಯೂ ಹೊಳೆಯಿತು. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ‘ಬಿಲ್ಲು ಬಾಕಿ ಇರುವವರು ದಯವಿಟ್ಟು ಗಮನಿಸಿ’ ಎಂದು ಹಾಕಿಬಿಟ್ಟರೆ ಯಾರಿಗೂ ಒರಟು ಮಾತಾಡಿದ ಹಾಗಾಗಲಿಲ್ಲವಲ್ಲ! ಆದರೆ ನಮ್ಮ ಗುಂಪಿನ ಅನುಭವ ನನಗಿದೆ. ಬಾಕಿ ಇಲ್ಲದವರೆಲ್ಲ ಗಾಬರಿಯಾಗಿ ‘ನಂದಲ್ಲ ತಾನೇ?’ ಎಂದು ಕೇಳುತ್ತಾರೆ. ಬಾಕಿ ಇರುವವರು ಅದನ್ನು ನೋಡುವುದೇ ಇಲ್ಲ, ನೋಡಿದರೆ ಎಲ್ಲರೆದುರು ಮಾನ ಕಳೆದರೆಂದು ವಾರಗಟ್ಟಲೆ ಮುಖ ತಿರುಗಿಸುತ್ತಾರೆ. ಯಜಮಾನರೂ ಅದೇ ಗುಂಪಿನಲ್ಲಿದ್ದಾರೆ ಎಂಬುದು ಬೇರೆ. ಮೊದಲ ಸಲದ ನೆನಪಿಗೇ ಯಜಮಾನರನ್ನು ಎಳೆದರೆ ಎರಡನೆಯ ಸಲಕ್ಕೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನು ಧ್ವನಿ ಮೆಸೇಜು. ಬೇಡವೇ ಬೇಡ. ನನ್ನ ದನಿಯಲ್ಲಿ ಸಿಟ್ಟು ಅಡಗುವುದಿಲ್ಲ, ಪೇಟೆಯವರು ಅದನ್ನು ಅಂಗಡಿಯವರೆದುರು ಸ್ಪೀಕರಿನಲ್ಲೇ ಹಾಕಿ ಕೇಳುತ್ತಾರೆ.

ಹುರುಳಿಕಾಯಿ ಮುಗಿದು ಬೆಳ್ಳುಳ್ಳಿ ಶುರುವಾಯಿತು. “ನಿಮಗೆ ನಿಜವಾಗಿ ಬೇಕಾಗಿರೋದೇನು?” ಎಂದಳು.

ಸರಳ ಪ್ರಶ್ನೆ. ಎಲ್ಲ ಬಿಲ್ಲೂ ಬೇಕು ಎಂದು ಬಾಯಿಗೆ ಬಂತು. ಆದರೆ ಯೋಚಿಸಿದರೆ ಅದು ನಿಜವಲ್ಲ. ಜಿಎಸ್‌ಟಿ ನಂಬರು ಇರುವ ಪಾರ್ಟಿಗಳಿಗೆ ಮಾರಿದ್ದನ್ನು ಮಾತ್ರ ಬಿಲ್ಲು ಬಿಲ್ಲಾಗಿ ಏರಿಸಬೇಕು, ಬಿ-ಟು-ಬಿ ಎನ್ನುತ್ತೇವೆ. ಕೌಂಟರಿಗೆ ಬಂದು ಅರ್ಧ ಇಂಚಿನ ನಲ್ಲಿ ಕೊಂಡು ಹೋದ ಊರಿನ ಗಿರಾಕಿಗಳ ಮಾರಾಟಕ್ಕೆ ತೆರಿಗೆ ದರದ ಪ್ರಕಾರ ಒಟ್ಟು ಮೊತ್ತ ಇದ್ದರೆ ನಡೆಯುತ್ತದೆ. ಹೊತ್ತು ತಿನ್ನುವುದು ಮೊದಲನೆಯದೇ. ಪ್ರತಿ ಪಾರ್ಟಿಯ ಹದಿನೈದು ಅಕ್ಷರದ ನಂಬರು ಸರಿಯಿದೆಯೇ ನೋಡಬೇಕು, 29ರಿಂದ ಶುರುವಾದರೆ ಕರ್ನಾಟಕದ್ದು, ಇಲ್ಲವಾದರೆ ಹೊರರಾಜ್ಯದ ತೆರಿಗೆ, ಹೀಗೆ. ಅಂದರೆ ನಾಳೆ ಮಧ್ಯಾಹ್ನದೊಳಗೆ ಬಿ-ಟು-ಬಿ ಬಿಲ್ಲುಗಳು ಸಿಕ್ಕರೆ ನನ್ನ ಕೆಲಸ ಸಾಗುತ್ತದೆ, ಕೌಂಟರಿನ ಒಟ್ಟು ಸಂಜೆ ಬರಲಿ. ಕೇಳುವುದನ್ನು ಅರ್ಧ ಮಾಡಿದ ಕೂಡಲೇ ನನ್ನ ಸಿಟ್ಟೂ ಅರ್ಧವಾಯಿತು. ಇದಕ್ಕೆ ದಯವಿಟ್ಟು ಎಂಬ ಪದದ ನೆರವೇ ಬೇಕಾಗಲಿಲ್ಲ.

ಕಾರಣವನ್ನು ಹೇಳಬೇಕೋ ಬೇಡವೋ ಎಂಬುದು ಮುಂದಿನ ತಕರಾರು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ ಎಂದು ಬರೆಯಬಹುದಿತ್ತು. ಅದು ನಿಜವೇ, ಆದರೆ ಐವತ್ತು ರೂಪಾಯಿಗೆ ನಮ್ಮ ಊರಿನಲ್ಲಿ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ, ಅಷ್ಟಕ್ಕೆ ಒಂದು ಬೆಣ್ಣೆ ದೋಸೆ ತಿಂದು ಚಹಾ ಕುಡಿಯುವುದೂ ಈಗ ಅನುಮಾನ. ಪೇಟೆಯವರಿಗೆ ನಾಟುವುದು ಕಂಟ್ರಾಕ್ಟರ ಹದಿನೆಂಟು ಸಾವಿರ. ಯಾಕೆಂದರೆ 14ರ ಪಟ್ಟಿಯಲ್ಲಿ ಅದು ಕಾಣದಿದ್ದರೆ ಅಂಗಡಿಯವರು ಮೊದಲು ಹಿಡಿಯುವುದು ದಿನಾ ಎದುರು ಸಿಗುವ ಪೇಟೆಯವರನ್ನೇ. ಇದನ್ನು ಬೆದರಿಕೆಯ ಹಾಗೆಯೂ ಬರೆಯಬಹುದು, ‘ಆಮೇಲೆ ಅನುಭವಿಸ್ತೀರಿ’ ಎಂದು. ಬರೀ ಸಂಗತಿಯಾಗಿಯೂ ಬರೆಯಬಹುದು. ಸಂಗತಿಯಾಗಿ ಬರೆದರೆ ಅನುಭವಿಸುವ ಭಾಗವನ್ನು ಓದುವವರು ತಾವೇ ಊಹಿಸಿಕೊಳ್ಳುತ್ತಾರೆ, ನಮಗಿಂತ ಚೆನ್ನಾಗಿ.

ಇನ್ನೊಂದು ಸಣ್ಣ ರಿಪೇರಿ. ‘ನೀವು ಕಳಿಸಿಲ್ಲ’ ಎಂದು ಬರೆದದ್ದನ್ನು ‘ನನಗೆ ಬಂದಿಲ್ಲ’ ಮಾಡಿದೆ. ಕಳಿಸಿಲ್ಲ ಎಂಬುದು ನನಗೆ ಹೇಗೆ ಗೊತ್ತು? ಅವರು ಕಚೇರಿಯ ಮೇಲ್‌ಗೆ ಹಾಕಿರಬಹುದು, ಹುಡುಗನ ಕೈಲಿ ಕೊಟ್ಟಿರಬಹುದು, ಅಂಗಡಿಯವರೇ ಕೊಡದಿರಬಹುದು. ನನಗೆ ಖಚಿತವಾಗಿ ಗೊತ್ತಿರುವುದು ಬಂದಿಲ್ಲ ಎಂಬುದಷ್ಟೇ. ಆದರೆ ಇದೇ ಯುಕ್ತಿಯನ್ನು ‘ಬರಬೇಕಿತ್ತು’ ಎಂಬ ಕಡೆ ಹಚ್ಚಲು ಹೋಗಲಿಲ್ಲ. ‘7ರ ಸುಮಾರಿಗೆ ಬರಬಹುದು ಅಂತ ಅಂದುಕೊಂಡಿದ್ದೆ’ ಎಂದು ಮೆತ್ತಗೆ ಮಾಡಿದರೆ ಒಪ್ಪಂದವೇ ಕರಗಿಹೋಗುತ್ತದೆ. ತಾರೀಕನ್ನು ತಾರೀಕಾಗಿಯೇ ಬಿಡಬೇಕು. ಹೊತ್ತೂ ಅಷ್ಟೇ. ‘ಆದಷ್ಟು ಬೇಗ’ ಎಂಬುದು ಯಾವ ಗಡಿಯಾರದಲ್ಲೂ ಇಲ್ಲ. ‘ಸಾಯಂಕಾಲ’ ಎಂದರೆ ನನಗೆ ನಾಲ್ಕೂವರೆ, ಪೇಟೆಯವರಿಗೆ ಅಂಗಡಿ ಬಾಗಿಲು ಎಳೆಯುವ ಒಂಬತ್ತು.

ಅಂತೂ ಮೂರನೆಯ ಕರಡು ಸಿದ್ಧವಾಯಿತು. ರಾತ್ರಿ ಕಳಿಸಲಿಲ್ಲ. ಹತ್ತು ಗಂಟೆಗೆ ಹಾಸಿಗೆಯಲ್ಲಿ ಮಲಗಿ ಅದನ್ನೋದಿದವರು ಎದ್ದು ಹೋಗಿ ಬಿಲ್ಲು ತರುವಂತಿಲ್ಲ, ಮಗ್ಗುಲು ಬದಲಿಸಬಹುದು ಅಷ್ಟೆ. 10ರ ಬೆಳಗ್ಗೆ, ಅವರು ಸ್ಕೂಟರು ಹತ್ತುವ ಮುಂಚೆ ಕಳಿಸಿದ್ದು ಇದು:

“ನಮಸ್ಕಾರ ಸಾರ್. ಮಂಡಿಪೇಟೆ ಪೈಪಿನಂಗಡಿಯ ಹೋದ ತಿಂಗಳ ಸೇಲ್ಸ್ ಬಿಲ್ಲು 7ಕ್ಕೆ ಬರಬೇಕಿತ್ತು, ನನಗಿನ್ನೂ ಬಂದಿಲ್ಲ. ಆರ್-1 ನಾಳೆ, 11ಕ್ಕೆ ಕಡೇ ದಿನ. ತಪ್ಪಿದರೆ ಅವರ ಕಂಟ್ರಾಕ್ಟರುಗಳಿಗೆ ಈ ತಿಂಗಳ 2ಬಿಯಲ್ಲಿ ಕ್ರೆಡಿಟ್ ಕಾಣಲ್ಲ. ಜಿಎಸ್‌ಟಿ ನಂಬರ್ ಇರೋ ಪಾರ್ಟಿಗಳ ಬಿಲ್ಲಷ್ಟನ್ನ ಇವತ್ತು ಮಧ್ಯಾಹ್ನ 12ರೊಳಗೆ ಕಳಿಸಿ, ಫೋಟೋ ತೆಗೆದು ಕಳಿಸಿದ್ರೂ ಆಗುತ್ತೆ. ಕೌಂಟರ್ ಸೇಲ್ಸ್ ಟೋಟಲ್ ಸಂಜೆ 5ಕ್ಕೆ ಬಂದ್ರೆ ಸಾಕು. ಅಂಗಡಿಯವರಿಂದಲೇ ತಡ ಆಗಿದ್ರೆ ಬೆಳಗ್ಗೆ 10 ಗಂಟೆಗೆ ಮುಂಚೆ ಒಂದು ಮಾತು ಹೇಳಿ, ನಾನೇ ಅವರಿಗೆ ಫೋನ್ ಮಾಡ್ತೀನಿ.”

ಇದರಲ್ಲಿ ಕ್ಷಮಿಸಿ ಇಲ್ಲ, ದಯವಿಟ್ಟು ಇಲ್ಲ, ಊಟದ ವಿಚಾರಣೆ ಇಲ್ಲ. ಒಂದು ನಮಸ್ಕಾರ, ಒಂದು ಸಾರ್. ಉಳಿದ ಮರ್ಯಾದೆಯೆಲ್ಲ ಕಡೆಯ ವಾಕ್ಯದಲ್ಲಿದೆ ಎಂದು ನನ್ನ ಅಭಿಪ್ರಾಯ. ತಡಕ್ಕೆ ಅವರೇ ಕಾರಣವಲ್ಲದಿದ್ದರೆ ಹೊರಬರಲು ಅಲ್ಲೊಂದು ಬಾಗಿಲಿದೆ. ಆದರೆ ಆ ಬಾಗಿಲಿಗೂ 10 ಗಂಟೆ ಎಂದು ಹೊತ್ತು ಬರೆದಿದೆ. ಸುಮ್ಮನಿರುವುದಕ್ಕೆ ಮಾತ್ರ ಎಲ್ಲೂ ದಾರಿಯಿಲ್ಲ. ಹೆಂಡತಿ ಓದಿ, “ಉದ್ದ ಆಯ್ತು” ಎಂದಳು. ಆಗಿತ್ತು. ಆದರೆ ಯಾವ ಸಾಲು ತೆಗೆದರೂ ಪೇಟೆಯವರು ತಿರುಗಿ ಒಂದು ಪ್ರಶ್ನೆ ಕೇಳುವಂತಾಗುತ್ತಿತ್ತು, ಆ ಪ್ರಶ್ನೆಗೆ ನಾನು ಉತ್ತರಿಸುವಷ್ಟರಲ್ಲಿ ಅವರ ಸ್ಕೂಟರು ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು.

ಸ್ವಲ್ಪ ಹೊತ್ತಿಗೇ ನೀಲಿ ಗೆರೆಗಳು ಮೂಡಿದವು. ಮೂಡಿದ ಮೇಲೆ ನಿಶ್ಶಬ್ದ. ಈ ನೀಲಿ ಗೆರೆಗಳನ್ನು ಕಂಡುಹಿಡಿದವರು ಯಾರೋ, ಅವರಿಗೆ ರಕ್ತದೊತ್ತಡ ಇದ್ದಿರಲಾರದು. ಒಂಬತ್ತೂಮುಕ್ಕಾಲಿಗೆ ಉತ್ತರ ಬಂತು. ಅಂಗಡಿಯ ಗುಮಾಸ್ತ ಊರಿಗೆ ಹೋದವನು 8ರ ಸಂಜೆ ಬಂದನಂತೆ, ಬಿಲ್ ಬುಕ್ಕು ಈಗ ಕೈಗೆ ಸಿಕ್ಕಿದೆಯಂತೆ, ಅದರಲ್ಲಿ ಎರಡು ಪಾರ್ಟಿಗಳ ನಂಬರಿನಲ್ಲಿ ಹದಿನಾಲ್ಕೇ ಅಕ್ಷರ ಇವೆಯಂತೆ, ಏನು ಮಾಡಲಿ ಎಂದು. ನಾನಾಗಿದ್ದರೆ ಇದನ್ನು 8ರ ಸಂಜೆಯೇ ತಿಳಿಸುತ್ತಿದ್ದೆ ಎಂದು ಬರೆಯಲು ಬೆರಳು ತುರಿಸಿತು. ಬರೆಯಲಿಲ್ಲ. ಉಳಿದವನ್ನು ಈಗ ಕಳಿಸಿ, ಆ ಎರಡರ ನಂಬರು ಅಂಗಡಿಯವರನ್ನು ಕೇಳಿ ಮಧ್ಯಾಹ್ನ ಹೇಳಿ ಎಂದೆ. ಬಿಲ್ಲುಗಳ ಫೋಟೋ ಬಂದವು, ಕೆಲವದರಲ್ಲಿ ಅವರ ಹೆಬ್ಬೆರಳೂ ಬಂದಿತ್ತು. ಒಂದು ನಂಬರು ಸಿಕ್ಕಿತು. ಇನ್ನೊಂದು 11ರ ಸಂಜೆಯವರೆಗೂ ಸಿಗಲಿಲ್ಲ, ಆ ಬಿಲ್ಲನ್ನು ಮುಂದಿನ ತಿಂಗಳಿಗೆ ಬಿಟ್ಟು ಆರ್-1 ಸಲ್ಲಿಸಿದೆವು. ಬಿಟ್ಟ ಬಿಲ್ಲಿನ ತೆರಿಗೆಯನ್ನು ಮಾತ್ರ 20ರ ರಿಟರ್ನಿನಲ್ಲಿ ಈ ತಿಂಗಳೇ ಕಟ್ಟಬೇಕೆಂದು ಅಂಗಡಿಯವರಿಗೆ ಹೇಳುವ ಕೆಲಸ ಪೇಟೆಯವರ ಪಾಲಿಗೆ ಬಂತು. ಅದನ್ನವರು ಯಾವ ಭಾಷೆಯಲ್ಲಿ ಹೇಳಿದರೋ ನಾನು ಕೇಳಿಲ್ಲ.

12ಕ್ಕೆ ಚಹಾ ಹೊತ್ತಿನಲ್ಲಿ, ಮೆಸೇಜಿನಲ್ಲಿ ಬರೆಯಲಾಗದ ಮಾತನ್ನು ಎದುರೆದುರು ಕೂತು ಆಡಿದೆವು. ತಡ ಒಂದು ಸಲದ್ದಾಗಿದ್ದರೆ ಮೆಸೇಜು ಸಾಕು. ಮತ್ತೆ ಮತ್ತೆ ಆಗುತ್ತಿದ್ದರೆ ಎಂಥ ಚೆಂದದ ಮೆಸೇಜೂ ತಿಂಗಳಿಗೊಮ್ಮೆ ಕಳಿಸುವ ಶುಭಾಶಯವಾಗಿಬಿಡುತ್ತದೆ. ಕೇಳಿದರೆ ವಿಷಯ ಬೇರೆಯೇ ಇತ್ತು. ಆ ಗುಮಾಸ್ತ ಪ್ರತಿ ತಿಂಗಳ ಮೊದಲ ವಾರ ವಸೂಲಿಗೆಂದು ಹರಿಹರ, ಚನ್ನಗಿರಿ ಸುತ್ತುತ್ತಾನಂತೆ, ಬಿಲ್ ಬುಕ್ಕು ಅವನ ಚೀಲದಲ್ಲೇ ಇರುತ್ತದಂತೆ. 7ನೇ ತಾರೀಕು ಎಂದು ಯಾವತ್ತೋ ನಾನೇ ಗೊತ್ತುಮಾಡಿದ್ದು, ಪೇಟೆಯವರು ಸಂಕೋಚಕ್ಕೆ ಹೂಂ ಅಂದಿದ್ದರು. “ನೀವು ಅಷ್ಟು ಚೆನ್ನಾಗಿ ಕ್ಯಾಲೆಂಡರಿಗೆ ಸುತ್ತು ಹಾಕಿದ್ರಲ್ಲಪ್ಪ, ಹೇಗೆ ಬೇಡ ಅನ್ನೋದು?” ಎಂದರು. ಆ ಅಂಗಡಿಗೆ 9ರ ಬೆಳಗ್ಗೆ ಎಂದು ಬದಲಾಯಿಸಿಕೊಂಡೆವು. 5ನೇ ತಾರೀಕಿಗೆ ನಾನು ‘9ಕ್ಕೆ ಪೈಪಿನಂಗಡಿ’ ಎಂದು ಒಂದು ಸಾಲು ಹಾಕುತ್ತೇನೆ. ಗಡುವಿಗೆ ಮುಂಚೆ ಕಳಿಸುವುದರಿಂದ ಅದಕ್ಕೆ ವಿನಯವನ್ನು ಬೇರೆಯಾಗಿ ಬೆರೆಸಬೇಕಾಗಿಲ್ಲ.

ಪೈಪಿನ ಬಿಲ್ಲು ಈಗ ಹೊತ್ತಿಗೆ ಸರಿಯಾಗಿ ಬರುತ್ತಿದೆ. ಚೌಕಿಪೇಟೆಯ ಬಟ್ಟೆಯಂಗಡಿಯದು ಇನ್ನೂ ಬಂದಿಲ್ಲ, ಮದುವೆ ಸೀಜನ್ನು ಬೇರೆ. ಇವತ್ತು 9. ಅದಕ್ಕೊಂದು ಬರೆಯಬೇಕು, ಹೆಂಡತಿ ತರಕಾರಿ ಹಿಡಿದು ಕೂರಲಿ ಎಂದು ಕಾಯುತ್ತಿದ್ದೇನೆ.